ಸಮಸ್ಯಾ ಪ್ರಶ್ನೆ: ಶಿವಮೊಗ್ಗದ ಫೌಂಡ್ರಿ, ಪೀಣ್ಯದ ಕಂಪನಿ

ವಿಷಯ: ದಿವಾಳಿ ಕಾನೂನು. ಒಟ್ಟು 20 ಅಂಕ. ಘಟನೆಗಳು ನಡೆದ ದಿನ ಜಾರಿಯಲ್ಲಿದ್ದ ಕಾನೂನಿನಂತೆ ಉತ್ತರಿಸಿ. ಪ್ರಶ್ನೆಯ ಕೆಳಗೇ ಮಾದರಿ ಉತ್ತರ ಇದೆ. ಮೊದಲು ನೀವೇ ಬರೆದು ನೋಡಿ, ಆಮೇಲೆ ಓದಿ.

ಸಂಗತಿಗಳು

ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಪಂಪಿನ ಬಿಡಿಭಾಗ ತಯಾರಿಸುತ್ತದೆ. ಅದಕ್ಕೆ ಬೇಕಾದ ಎರಕದ ಭಾಗಗಳನ್ನು ಶಿವಮೊಗ್ಗದ ಒಂದು ಫೌಂಡ್ರಿ ಪೂರೈಸುತ್ತಿತ್ತು. 2022ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಆರು ಇನ್‌ವಾಯ್ಸ್, ಒಟ್ಟು 1 ಕೋಟಿ 42 ಲಕ್ಷ ರೂಪಾಯಿ. 45 ದಿನದೊಳಗೆ ಹಣ ಕೊಡಬೇಕು ಎಂದು ಒಪ್ಪಂದ. ಬಡ್ಡಿಯ ಮಾತಿಲ್ಲ.

2022ರ ಡಿಸೆಂಬರ್ 9ರಂದು ಕಂಪನಿ ಒಂದು ಇಮೇಲ್ ಕಳಿಸಿತು. ಅಕ್ಟೋಬರ್‌ನಲ್ಲಿ ಬಂದ 31 ಲಕ್ಷದ ಮಾಲಿನಲ್ಲಿ ಗಾಳಿಗುಳಿಗಳಿವೆ ಎಂದು ದೂರಿ, ಫೋಟೋ ಮತ್ತು ತಪಾಸಣೆ ವರದಿ ಲಗತ್ತಿಸಿತ್ತು. 'ನೋಡಿ ಹೇಳ್ತೀವಿ' ಎಂದ ಫೌಂಡ್ರಿ ಸುಮ್ಮನಾಯಿತು. ಉಳಿದ ಐದು ಇನ್‌ವಾಯ್ಸ್‌ಗಳ ಬಗ್ಗೆ ತಕರಾರು ಬರಲಿಲ್ಲ. ಅವುಗಳ ಜಿಎಸ್‌ಟಿ ಕ್ರೆಡಿಟ್ ಅನ್ನು ಕಂಪನಿ ಪಡೆದುಕೊಂಡಿದೆ. 2023ರ ಫೆಬ್ರವರಿಯಲ್ಲಿ ಅದು ಕೊಟ್ಟ 20 ಲಕ್ಷದ ಚೆಕ್ ಬೌನ್ಸ್ ಆಯಿತು. ಕಂಪನಿ ಮತ್ತು ಅದರ ಮ್ಯಾನೇಜಿಂಗ್ ಡೈರೆಕ್ಟರ್ ಇಬ್ಬರ ಮೇಲೂ ಶಿವಮೊಗ್ಗದ ಕೋರ್ಟಿನಲ್ಲಿ ಕೇಸ್ ಬಿತ್ತು.

ಫೌಂಡ್ರಿ ಕಳಿಸಿದ ಡಿಮ್ಯಾಂಡ್ ನೋಟಿಸ್ 2023ರ ಏಪ್ರಿಲ್ 6ರಂದು ಕಂಪನಿಗೆ ತಲುಪಿತು. ಏಪ್ರಿಲ್ 20ರಂದು ಉತ್ತರ ಬಂತು: 'ಆರೂ ಇನ್‌ವಾಯ್ಸ್‌ನ ಮಾಲು ಕಳಪೆ.' ಐದು ದಿನ ಬಿಟ್ಟು ಅದೇ ಕಂಪನಿ ಮೊದಲ ಇನ್‌ವಾಯ್ಸ್ ಬಾಬ್ತು 8 ಲಕ್ಷ ಕಟ್ಟಿತು. ಮೇ 8ರಂದು ಫೌಂಡ್ರಿ, ಕಂಪನಿ ಪ್ರಕರಣಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠಕ್ಕೆ ದಿವಾಳಿ ಸಂಹಿತೆಯ ಸೆಕ್ಷನ್ 9ರ ಅರ್ಜಿ ಹಾಕಿತು. ಆಗಸ್ಟ್ 14ರಂದು ಅರ್ಜಿ ಅಂಗೀಕಾರವಾಗಿ ಮೊರಟೋರಿಯಂ ಎಂಬ ತಾತ್ಕಾಲಿಕ ತಡೆ ಜಾರಿಯಾಯಿತು.

ಆಮೇಲೆ ನಡೆದದ್ದು ಇಷ್ಟು. ಆಗಸ್ಟ್ 21ರಂದು ಬ್ಯಾಂಕು ಕಂಪನಿಯ ಕರೆಂಟ್ ಅಕೌಂಟಿನಿಂದ 6 ಲಕ್ಷ ತೆಗೆದು ತನ್ನ ಸಾಲಕ್ಕೆ ಜಮೆ ಮಾಡಿಕೊಂಡಿತು. ಮ್ಯಾನೇಜಿಂಗ್ ಡೈರೆಕ್ಟರ್ ಕೊಟ್ಟ ವೈಯಕ್ತಿಕ ಗ್ಯಾರಂಟಿಯ ಮೇಲೆ ಕ್ರಮಕ್ಕೂ ಇಳಿಯಿತು. ಗೋಡೌನ್ ಲೀಸ್ ಜುಲೈ 31ಕ್ಕೇ ಮುಗಿದಿತ್ತು, ಮಾಲೀಕರು 'ಜಾಗ ಖಾಲಿ ಮಾಡಿ' ಎಂದು ದಾವೆ ಹೂಡಿದರು. ಹಳೆಯ ಬಾಕಿ 4 ಲಕ್ಷ ಕಟ್ಟದಿದ್ದರೆ ಕರೆಂಟ್ ಕಟ್ ಎಂದಿತು ವಿದ್ಯುತ್ ಸರಬರಾಜು ಸಂಸ್ಥೆ. ಅಕ್ಟೋಬರ್‌ನಲ್ಲಿ ಕಂಪನಿಯ ಉಸ್ತುವಾರಿ ವಹಿಸಿಕೊಂಡ ರೆಸಲ್ಯೂಷನ್ ಪ್ರೊಫೆಷನಲ್ ಕೇಳಿಕೊಂಡಿದ್ದರಿಂದ ಫೌಂಡ್ರಿ ಮತ್ತೆ 12 ಲಕ್ಷದ ಮಾಲು ಕಳಿಸಿತು. ಅದರ ಹಣವೂ ಬಂದಿಲ್ಲ.

ಕಂಪನಿಯನ್ನು ಉಳಿಸಲು ಒಪ್ಪುವಂಥ ಪ್ಲಾನ್ ಯಾವುದೂ ಬರಲಿಲ್ಲ. 2024ರ ಜೂನ್ 20ರಂದು ಲಿಕ್ವಿಡೇಷನ್ ಆದೇಶವಾಯಿತು. ಆಸ್ತಿ ಮಾರಿ 6 ಕೋಟಿ ಕೈಗೆ ಬಂತು. ಈ 6 ಕೋಟಿಯಲ್ಲಿ ಕಾರ್ಮಿಕರ ಪಿಎಫ್ ಬಾಬ್ತಿನ 20 ಲಕ್ಷ ಸೇರಿದೆ. ಪ್ರಕ್ರಿಯೆಯ ಮತ್ತು ಲಿಕ್ವಿಡೇಷನ್ನಿನ ವೆಚ್ಚ, ಲಿಕ್ವಿಡೇಟರ್ ಫೀ ಸೇರಿ, 70 ಲಕ್ಷ (ಅಕ್ಟೋಬರ್ ಮಾಲಿನ 12 ಲಕ್ಷ ಇದರೊಳಗೇ ಇದೆ). ಕಾರ್ಮಿಕರ ಬಾಕಿ 1 ಕೋಟಿ 20 ಲಕ್ಷ, ಎಲ್ಲವೂ ಹಿಂದಿನ 24 ತಿಂಗಳದ್ದು. ತನ್ನ ಅಡಮಾನ ಬಿಟ್ಟುಕೊಟ್ಟ ಬ್ಯಾಂಕಿಗೆ 7 ಕೋಟಿ 30 ಲಕ್ಷ. ಕಚೇರಿ ಸಿಬ್ಬಂದಿಗೆ 25 ಲಕ್ಷ. ಅಡಮಾನವಿಲ್ಲದೆ ಸಾಲ ಕೊಟ್ಟವರಿಗೆ 60 ಲಕ್ಷ. ಜಿಎಸ್‌ಟಿ 55 ಲಕ್ಷ.

ಪ್ರಶ್ನೆಗಳು

1. ಅರ್ಜಿ ಅಂಗೀಕರಿಸಿದ್ದು ಸರಿಯೇ? (7)
2. ಮೊರಟೋರಿಯಂ ಯಾರನ್ನು ತಡೆಯುತ್ತದೆ, ಯಾರನ್ನು ಬಿಡುತ್ತದೆ? (7)
3. 6 ಕೋಟಿ ಹೇಗೆ ಹಂಚಿಕೆಯಾಗುತ್ತದೆ? ಬ್ಯಾಂಕು ಅಡಮಾನ ಬಿಟ್ಟುಕೊಡದೆ ತಾನೇ ಮಾರಿಕೊಂಡಿದ್ದರೆ? (6)

ಮಾದರಿ ಉತ್ತರ

*ಒಂದನೇ ಪ್ರಶ್ನೆ*

ಸರಕು ಕೊಟ್ಟು ಹಣಕ್ಕೆ ಕಾದಿರುವ ಫೌಂಡ್ರಿ ಆಪರೇಷನಲ್ ಕ್ರೆಡಿಟರ್. ಇದರಲ್ಲಿ ಚರ್ಚೆ ಇಲ್ಲ. ಬಾಕಿ 2022ರದ್ದು, ಮೂರು ವರ್ಷದ ಕಾಲಮಿತಿಯೂ ದಾಟಿಲ್ಲ. ಕೊರೊನಾ ಕಾಲದ ಬಾಕಿಗೆ ರಕ್ಷಣೆ ಕೊಡುವ ಸೆಕ್ಷನ್ 10ಎ ಇಲ್ಲಿ ಬರುವುದಿಲ್ಲ. ಇವಕ್ಕೆ ಒಂದೊಂದು ವಾಕ್ಯ ಸಾಕು.

ಕೂತು ಯೋಚಿಸಬೇಕಾದದ್ದು ತಕರಾರಿನ ಬಗ್ಗೆ. ಸೆಕ್ಷನ್ 8ರಂತೆ ನೋಟಿಸ್ ಕೈಸೇರಿ 10 ದಿನದೊಳಗೆ ಕಂಪನಿ ತಕರಾರು ತಿಳಿಸಬೇಕು. ಆ ಗಡುವು ಏಪ್ರಿಲ್ 16ಕ್ಕೆ ಮುಗಿಯಿತು, ಉತ್ತರ ಬಂದದ್ದು 20ಕ್ಕೆ. 'ತಡವಾಯಿತು, ಕಂಪನಿ ಸೋತಿತು' ಎಂದು ಇಲ್ಲೇ ನಿಲ್ಲಿಸುವವರು ಜಾಸ್ತಿ. ಅದು ತಪ್ಪು. ನೋಟಿಸ್ ಬರುವ ಮೊದಲೇ ತಕರಾರು ಇತ್ತು ಎಂಬುದಕ್ಕೆ ದಾಖಲೆ ಇದ್ದರೆ, ಉತ್ತರ ತಡವಾದ ಮಾತ್ರಕ್ಕೆ ಆ ತಕರಾರು ಸಾಯುವುದಿಲ್ಲ. ಮೊಬಿಲಾಕ್ಸ್ ವಿರುದ್ಧ ಕಿರುಸಾ (2017) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಳತೆಗೋಲು ಕೊಟ್ಟಿದೆ. ತಕರಾರು ನೋಟಿಸ್‌ಗಿಂತ ಮೊದಲೇ ಇದ್ದಿರಬೇಕು. ಅದರಲ್ಲಿ ವಿಚಾರಣೆಗೆ ತಕ್ಕ ಹುರುಳಿರಬೇಕು, ಬರೀ ಪೊಳ್ಳು ಆಗಿರಬಾರದು. ಕೊನೆಗೆ ಯಾರು ಗೆಲ್ಲುತ್ತಾರೆ ಎಂದು ಎನ್‌ಸಿಎಲ್‌ಟಿ ನೋಡುವುದಿಲ್ಲ.

ಈ ಅಳತೆಗೆ ಇಟ್ಟರೆ ಡಿಸೆಂಬರ್ 9ರ ಇಮೇಲ್ ನಿಲ್ಲುತ್ತದೆ. ನೋಟಿಸ್‌ಗೂ ನಾಲ್ಕು ತಿಂಗಳು ಮೊದಲಿನದು, ಫೋಟೋ ಇದೆ, ವರದಿ ಇದೆ. ಹಾಗಾಗಿ 31 ಲಕ್ಷ ತಕರಾರಿನ ಹಣ. ಉಳಿದ ಐದು ಇನ್‌ವಾಯ್ಸ್‌ಗಳ ಕಥೆ ಬೇರೆ. ಮಾಲನ್ನು ಒಪ್ಪಿಕೊಂಡು, ಜಿಎಸ್‌ಟಿ ಕ್ರೆಡಿಟ್ ಪಡೆದು, ನೋಟಿಸ್ ಬಂದ ಮೇಲೆ 'ಕಳಪೆ' ಅನ್ನುವುದು ಸುಮ್ನೆ ಎತ್ತಿದ ಮಾತು. ಕಳಪೆ ಎಂದ ಐದೇ ದಿನಕ್ಕೆ ಅದೇ ಮಾಲಿಗೆ 8 ಲಕ್ಷ ಯಾರಾದರೂ ಕಟ್ಟುತ್ತಾರಾ?

ಈಗ ಲೆಕ್ಕ. 1 ಕೋಟಿ 42 ಲಕ್ಷದಲ್ಲಿ 8 ಲಕ್ಷ ಕಳೆದರೆ 1 ಕೋಟಿ 34 ಲಕ್ಷ. ಅದರಲ್ಲಿ ತಕರಾರಿನ 31 ಲಕ್ಷ ಬಿಟ್ಟರೆ ಉಳಿಯುವುದು 1 ಕೋಟಿ 3 ಲಕ್ಷ. 2020ರ ಮಾರ್ಚ್ 24ರ ಅಧಿಸೂಚನೆ ಕನಿಷ್ಠ ಮೊತ್ತವನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದೆ. ಅಂದರೆ ಫೌಂಡ್ರಿ ಬರೀ 3 ಲಕ್ಷದ ಅಂತರದಲ್ಲಿ ಪಾರಾಯಿತು. ಒಂದು ಭಾಗಕ್ಕೆ ತಕರಾರಿದ್ದರೂ ತಕರಾರಿಲ್ಲದ ಭಾಗವೇ ಮಿತಿ ದಾಟುತ್ತಿರುವುದರಿಂದ ಅಂಗೀಕಾರ ಸರಿ. ಕಂಪನಿ 8ರ ಬದಲು 12 ಲಕ್ಷ ಕಟ್ಟಿದ್ದರೆ ಉತ್ತರ ಉಲ್ಟಾ ಆಗುತ್ತಿತ್ತು. ಇದನ್ನು ಬರೆದವರಿಗೆ ನಾನು ಅರ್ಧ ಅಂಕ ಹೆಚ್ಚು ಕೊಡುತ್ತೇನೆ.

*ಎರಡನೇ ಪ್ರಶ್ನೆ*

ಸೆಕ್ಷನ್ 14 ಕಾಯುವುದು ಕಂಪನಿಯನ್ನು. ಕಂಪನಿಯ ಸುತ್ತ ಇರುವ ಎಲ್ಲರನ್ನೂ ಅಲ್ಲ. ಇದನ್ನು ಹಿಡಿದುಕೊಂಡರೆ ಅರ್ಧ ಉತ್ತರ ಬಂದ ಹಾಗೆ.

ಚೆಕ್ ಬೌನ್ಸ್ ಕೇಸ್ ಕ್ರಿಮಿನಲ್ ಅಲ್ವಾ, ಅದನ್ನು ಮೊರಟೋರಿಯಂ ಹೇಗೆ ತಡೆಯುತ್ತೆ ಎಂದು ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಪಿ. ಮೋಹನ್‌ರಾಜ್ (2021) ತೀರ್ಪಿನ ಪ್ರಕಾರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕೇಸ್ ಮೂಲತಃ ಹಣ ವಸೂಲಿಯ ಸ್ವಭಾವದ್ದು. ಆದ್ದರಿಂದ ಕಂಪನಿಯ ಮಟ್ಟಿಗೆ ಅದು ನಿಲ್ಲುತ್ತದೆ. ಮ್ಯಾನೇಜಿಂಗ್ ಡೈರೆಕ್ಟರ್ ಮೇಲೆ ಮುಂದುವರಿಯುತ್ತದೆ.

ಗ್ಯಾರಂಟಿಗೂ ಅದೇ ಗತಿ. ಸೆಕ್ಷನ್ 14(3)(ಬಿ) ಜಾಮೀನುದಾರರನ್ನು ಮೊರಟೋರಿಯಂನಿಂದ ಹೊರಗಿಟ್ಟಿದೆ. ರಾಮಕೃಷ್ಣನ್ (2018) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ. ಬ್ಯಾಂಕು ಆ ದಾರಿ ಹಿಡಿಯಬಹುದು. ಆದರೆ ಕರೆಂಟ್ ಅಕೌಂಟಿನಿಂದ 6 ಲಕ್ಷ ಎಳೆದುಕೊಂಡದ್ದು ಕಂಪನಿಯ ಹಣದಿಂದಲೇ ವಸೂಲಿ. ಅದೂ ಮೊರಟೋರಿಯಂ ಬಂದು ವಾರವಾದ ಮೇಲೆ. ವಾಪಸ್ ಕೊಡಬೇಕು. ಭಾರ್ತಿ ಏರ್‌ಟೆಲ್ ವಿರುದ್ಧ ವಿಜಯ್‌ಕುಮಾರ್ ಅಯ್ಯರ್ (2024) ತೀರ್ಪು ಕೂಡ ಈ ಹಂತದಲ್ಲಿ ಸೆಟ್-ಆಫ್‌ಗೆ ಸಾಮಾನ್ಯವಾಗಿ ಜಾಗವಿಲ್ಲ ಎಂದಿದೆ.

ಗೋಡೌನ್ ಮಾಲೀಕರು 'ಲೀಸೇ ಮುಗಿದಿದೆ, ಇವರಿಗೇನು ಹಕ್ಕು' ಎಂದು ವಾದಿಸುತ್ತಾರೆ. ಸೆಕ್ಷನ್ 14(1)(ಡಿ) ನೋಡುವುದು ಹಕ್ಕನ್ನಲ್ಲ, ಜಾಗ ಯಾರ ವಶದಲ್ಲಿದೆ ಎಂಬುದನ್ನು. ರಾಜೇಂದ್ರ ಭುಟ್ಟಾ (2020) ತೀರ್ಪನ್ನು ಇಲ್ಲಿ ಬಳಸಿ. ದಾವೆ ಸದ್ಯಕ್ಕೆ ನಡೆಯುವುದಿಲ್ಲ. ಆಗಸ್ಟ್ 14ರ ನಂತರ ಜಾಗ ಬಳಸಿದ್ದಕ್ಕೆ ಬಾಡಿಗೆ ಮಾತ್ರ ಪ್ರಕ್ರಿಯೆಯ ವೆಚ್ಚವಾಗಿ ಸಿಗಬೇಕು.

ಕರೆಂಟಿನ ವಿಷಯ ಸ್ವಲ್ಪ ನಾಜೂಕು. ಹಳೆಯ 4 ಲಕ್ಷಕ್ಕಾಗಿ ಕನೆಕ್ಷನ್ ತೆಗೆಯುವುದು ವಸೂಲಿಯ ಒತ್ತಡ. ಅದಕ್ಕೆ ಅವಕಾಶವಿಲ್ಲ, ಸಂಸ್ಥೆ ತನ್ನ ಕ್ಲೇಮ್ ಸಲ್ಲಿಸಬೇಕು. ಹೊಸ ಬಿಲ್? ದಿವಾಳಿ ಪ್ರಕ್ರಿಯೆಯ ನಿಯಮ 32 ವಿದ್ಯುತ್ತನ್ನು ಅಗತ್ಯ ಪೂರೈಕೆ ಎನ್ನುತ್ತದೆ, ಆದರೆ ತಯಾರಿಕೆಗೆ ನೇರವಾಗಿ ಹೋಗುವಷ್ಟನ್ನು ಹೊರಗಿಡುತ್ತದೆ. ಪೀಣ್ಯದ ಶೆಡ್ಡಿನಲ್ಲಿ ಲೇತ್ ಓಡುವುದೇ ಕರೆಂಟಿನಿಂದ. ಆ ಭಾಗಕ್ಕೆ ಸೆಕ್ಷನ್ 14(2ಎ) ನೆರವಿಗೆ ಬರಬಹುದು, ಕಂಪನಿ ಓಡುತ್ತಿರಲು ಆ ಪೂರೈಕೆ ಬೇಕೇಬೇಕು ಎಂದು ರೆಸಲ್ಯೂಷನ್ ಪ್ರೊಫೆಷನಲ್ ತೀರ್ಮಾನಿಸಿದರೆ. ಅಲ್ಲಿಯೂ ಮೊರಟೋರಿಯಂ ಕಾಲದ ಬಿಲ್ ಕಟ್ಟದಿದ್ದರೆ ರಕ್ಷಣೆ ಇಲ್ಲ. ಎರಡೂ ಕಡೆಯ ವಾದ ಬರೆದರೆ ಪೂರ್ತಿ ಅಂಕ.

*ಮೂರನೇ ಪ್ರಶ್ನೆ*

ಸೆಕ್ಷನ್ 53ಕ್ಕೆ ಹಾರುವ ಮೊದಲು ಸೆಕ್ಷನ್ 36(4) ನೋಡಿ. ಪಿಎಫ್ ಹಣ ಲಿಕ್ವಿಡೇಷನ್ ಆಸ್ತಿಯಲ್ಲ. 6 ಕೋಟಿಯಿಂದ 20 ಲಕ್ಷ ಪಕ್ಕಕ್ಕೆ. ಉಳಿದದ್ದು 5 ಕೋಟಿ 80 ಲಕ್ಷ. ಮೊದಲ ಸ್ಥಾನ ವೆಚ್ಚಕ್ಕೆ: 70 ಲಕ್ಷ ಪೂರ್ತಿ ಕೊಟ್ಟರೆ 5 ಕೋಟಿ 10 ಲಕ್ಷ.

ಮುಂದಿನ ಮೆಟ್ಟಿಲಲ್ಲಿ ಕಾರ್ಮಿಕರು ಮತ್ತು ಅಡಮಾನ ಬಿಟ್ಟುಕೊಟ್ಟ ಬ್ಯಾಂಕು ಸಮಾನವಾಗಿ ನಿಲ್ಲುತ್ತಾರೆ. ಇಬ್ಬರ ಬಾಕಿ ಸೇರಿ 8 ಕೋಟಿ 50 ಲಕ್ಷ. ಇರುವ ಹಣ ಅದರ 60%. ಕಾರ್ಮಿಕರಿಗೆ 72 ಲಕ್ಷ, ಬ್ಯಾಂಕಿಗೆ 4 ಕೋಟಿ 38 ಲಕ್ಷ. ಹಣ ಅಲ್ಲಿಗೆ ಖಾಲಿ.

ಸಿಬ್ಬಂದಿ, ಅಡಮಾನವಿಲ್ಲದೆ ಸಾಲ ಕೊಟ್ಟವರು, ಜಿಎಸ್‌ಟಿ, ಯಾರಿಗೂ ಏನೂ ಇಲ್ಲ. ಜಿಎಸ್‌ಟಿ ಇಲಾಖೆ ರೇನ್‌ಬೋ ಪೇಪರ್ಸ್ (2022) ತೀರ್ಪು ಹಿಡಿದು ಬ್ಯಾಂಕಿನ ಸಾಲಿಗೆ ಬರಲು ನೋಡಬಹುದು. ಆದರೆ ಅದು ಗುಜರಾತಿನ ವ್ಯಾಟ್ ಕಾಯ್ದೆಯ ಮೇಲೆ ನಿಂತದ್ದು. ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 82 ದಿವಾಳಿ ಸಂಹಿತೆಗೆ ತಾನೇ ದಾರಿ ಬಿಟ್ಟುಕೊಡುತ್ತದೆ.

ಫೌಂಡ್ರಿಯ ಹಳೆಯ 1 ಕೋಟಿ 34 ಲಕ್ಷ ಇವರೆಲ್ಲರ ಕೆಳಗೆ, 'ಉಳಿದ ಸಾಲಗಳು' ಎಂಬ ಗುಂಪಿನಲ್ಲಿದೆ. ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿ ತಕರಾರಿನ 31 ಲಕ್ಷವನ್ನು ಲಿಕ್ವಿಡೇಟರ್ ಒಪ್ಪಿದರೂ ಒಂದೇ, ಬಿಟ್ಟರೂ ಒಂದೇ. ಅಕ್ಟೋಬರ್‌ನ 12 ಲಕ್ಷ ಮಾತ್ರ ವೆಚ್ಚದ ಸಾಲಿನಲ್ಲಿ ಪೂರ್ತಿ ಸಿಗುತ್ತದೆ. ಅದೇ ಫೌಂಡ್ರಿ, ಅದೇ ಎರಕ, ಆದರೆ ಆಗಸ್ಟ್ 14ರ ಈಚೆಯದು. ಮಾಲು ಯಾವ ದಿನ ಹೋಯಿತು ಎಂಬುದೇ ಇಡೀ ಪ್ರಶ್ನೆಯ ಕೀಲಿ. ಅಂಗೀಕಾರ ಗೆದ್ದದ್ದರಿಂದ ಹಳೆಯ ಬಾಕಿಗೆ ಮೇಲಿನ ಸ್ಥಾನವೇನೂ ಸಿಗಲಿಲ್ಲ. ಕ್ರೆಡಿಟರ್ ಸಮಿತಿಯಲ್ಲಿ ಫೌಂಡ್ರಿಗೆ ಮತವೂ ಇರಲಿಲ್ಲ.

ಬ್ಯಾಂಕು ಸೆಕ್ಷನ್ 52ರಂತೆ ಅಡಮಾನವನ್ನು ತಾನೇ ಮಾರಿಕೊಂಡಿದ್ದರೆ? ಲಿಕ್ವಿಡೇಷನ್ ಪ್ರಕ್ರಿಯೆಯ ನಿಯಮ 21ಎ ಪ್ರಕಾರ ವೆಚ್ಚದಲ್ಲಿ ಮತ್ತು ಕಾರ್ಮಿಕರ ಬಾಕಿಯಲ್ಲಿ ತನ್ನ ಪಾಲನ್ನು ಮೊದಲು ಕಟ್ಟಬೇಕಿತ್ತು. ಮಾರಿಯೂ ತೀರದೆ ಉಳಿದ ಸಾಲ ಜಿಎಸ್‌ಟಿಯ ಜೊತೆಗೆ, ಅಡಮಾನವಿಲ್ಲದೆ ಸಾಲ ಕೊಟ್ಟವರಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಫೌಂಡ್ರಿಯ ಹಳೆಯ ಬಾಕಿ ಆಗಲೂ ಅದಕ್ಕಿಂತ ಕೆಳಗೇ.