ತೇರಿನ ಕೆಲಸಕ್ಕೆ ಕೈ ಬೇಕು: ಫೆಬ್ರವರಿ 1, ಭಾನುವಾರ

ಎಲ್ಲರಿಗೂ ನಮಸ್ಕಾರ.

ಭಾರತ ಹುಣ್ಣಿಮೆಗೆ ನಮ್ಮ ಆಂಜನೇಯಸ್ವಾಮಿ ತೇರು. 2026ರಲ್ಲಿ ಅದು ಭಾನುವಾರವೇ ಬಂದಿದೆ. ಬೆಂಗಳೂರು, ಮೈಸೂರಿನಲ್ಲಿರುವ ಮಕ್ಕಳೆಲ್ಲ ಬರುತ್ತಾರೆ, ಜನ ಜಾಸ್ತಿ. ಊಟಕ್ಕೆ 1,200 ಎಲೆ ಅಂತ ಲೆಕ್ಕ ಹಾಕಿದ್ದೇವೆ.

ಹೋದ ವರ್ಷ ತೇರಿನ ಮಿಣಿ ಹಿಡಿಯೋಕೆ ಜಾಗ ಸಿಗದಷ್ಟು ಜನ ಇದ್ದರು. ಕೊನೆ ಪಂಕ್ತಿ ಬಡಿಸೋಕೆ ಉಳಿದವರು ನಾಲ್ಕೇ ಜನ. ದೂರದಿಂದ ಬಂದಿದ್ದ ಅಜ್ಜಿಯೊಬ್ಬರು ಎಲೆ ಮೇಲೆ ಬರೀ ಅನ್ನ ಹಾಕಿಸಿಕೊಂಡು, ಸಾರಿನ ಬಕೆಟ್ ಯಾವಾಗ ಬರುತ್ತೋ ಅಂತ ನೋಡ್ತಾ ಕೂತಿದ್ದರು. ಸಾರು ಬರುವಷ್ಟರಲ್ಲಿ ಅನ್ನ ಆರಿತ್ತು. ಸ್ವಾಮಿ ಮನೆಗೆ ಬಂದವರಿಗೆ ಹಾಗಾಗಬಾರದು, ಅಲ್ವಾ? ಅದಕ್ಕೇ ಈ ಸಲ ಸುಮ್ನೆ “ಬರ್ತೀವಿ” ಅನ್ನಬೇಡಿ. ಯಾವ ಕೆಲಸ, ಎಷ್ಟು ಹೊತ್ತಿಗೆ ಅಂತ ಹೇಳಿ.

ಬಡಿಸೋದು: ಇಲ್ಲೇ ಹೆಚ್ಚು ಜನ ಬೇಕು. ಪಂಕ್ತಿಗೆ 200 ಜನ, ಒಟ್ಟು ಆರು ಪಂಕ್ತಿ, ಒಂದಕ್ಕೆ 40 ನಿಮಿಷ. ಮಧ್ಯಾಹ್ನ 1:30ಕ್ಕೆ ಶುರುವಾದರೆ ಮುಗಿಯೋದು 5:30ಕ್ಕೆ. ಎರಡು ಪಾಳಿ ಮಾಡಿದ್ದೇವೆ. ಮೊದಲನೆಯದು 1ರಿಂದ 3:30, ಎರಡನೆಯದು 3:30ರಿಂದ 6. ಪಾಳಿಗೆ 24 ಜನ: ಅನ್ನಕ್ಕೆ 6, ಹುಳಿ ಸಾರಿಗೆ 6, ಪಲ್ಯ ಕೋಸಂಬರಿ ಪಾಯಸಕ್ಕೆ 6, ನೀರು ಮಜ್ಜಿಗೆಗೆ 3, ಎಲೆ ಎತ್ತಿ ಒರೆಸೋಕೆ 3. ಎರಡನೇ ಪಾಳಿಯವರು ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿಬಿಡಿ. ಹಸಿದ ಹೊಟ್ಟೆಯಲ್ಲಿ ಬಡಿಸೋಕೆ ಆಗಲ್ಲ.

ತೇರು ಹೊರಡೋದು 12 ಗಂಟೆಗೆ. ಗಾಲಿಗೆ ಮರದ ತಡೆ ಕೊಡುವ ಕೆಲಸ ವರ್ಷಾ ವರ್ಷ ಮಾಡಿಕೊಂಡು ಬಂದ ಹಿರಿಯರದ್ದೇ. ಹೊಸಬರು ಅಲ್ಲಿ ಕೈ ಹಾಕಬೇಡಿ. ಗಾಲಿಯಿಂದ ಹತ್ತಡಿ ದೂರಕ್ಕೆ ಹಗ್ಗ ಹಿಡಿದು ನಿಲ್ಲೋಕೆ 12 ಹುಡುಗರು ಬೇಕು, ಅದರೊಳಗೆ ಮಕ್ಕಳನ್ನಾಗಲಿ, ಮೊಬೈಲ್ ಹಿಡಿದವರನ್ನಾಗಲಿ ಬಿಡಬಾರದು. ಎಸೆದ ಬಾಳೆಹಣ್ಣು, ಜವನ ಎಲ್ಲ ಎಳೆಯುವವರ ಕಾಲಿಗೇ ಸಿಕ್ಕಿ ಜಾರುತ್ತೆ. ತೇರು ನಿಂತಾಗಲೆಲ್ಲ ಮುಂದಿನ ದಾರಿ ಗುಡಿಸೋಕೆ ಪೊರಕೆ ಹಿಡಿದ ನಾಲ್ವರು ಬೇಕೇ ಬೇಕು. ತೇರು ಹೋಗುವಾಗ ಕರೆಂಟ್ ತೆಗೆಯೋಕೆ ಕೆಇಬಿಯವರಿಗೆ ಅರ್ಜಿ ಕೊಟ್ಟಾಗಿದೆ.

ಶನಿವಾರ ಸಂಜೆ 6ಕ್ಕೆ ದೇವಸ್ಥಾನದ ಹಿಂದೆ ತರಕಾರಿ ಹೆಚ್ಚೋದು. ಅಕ್ಕಂದಿರಷ್ಟೇ ಅಲ್ಲ, ಅಣ್ಣಂದಿರೂ ಬನ್ನಿ. ಈಳಿಗೆಮಣೆ, ಚಾಕು ಮನೆಯಿಂದ ತನ್ನಿ, ಹೆಸರು ಬರೆದ ಪಟ್ಟಿ ಅಂಟಿಸಿ. ಬೆಳಿಗ್ಗೆ 9ರಿಂದ ಪಾನಕ ಕೊಡೋಕೆ 6, ಚಪ್ಪಲಿ ಕಾಯೋಕೆ 2, ಶಾಲೆ ಮೈದಾನದಲ್ಲಿ ಗಾಡಿ ನಿಲ್ಲಿಸೋಕೆ 5 ಜನ ಸಾಕು.

ಇದೇ ಗುಂಪಿನಲ್ಲಿ ಹೀಗೆ ಬರೆಯಿರಿ: “ಕೆರೆ ಬೀದಿ, ಡೈರಿ ಪಕ್ಕದ ಮನೆ, ಇಬ್ಬರು, ಬಡಿಸೋಕೆ, ಎರಡನೇ ಪಾಳಿ.” ಟೈಪ್ ಮಾಡೋಕೆ ಕಷ್ಟ ಆದವರು ವಾಯ್ಸ್ ಮೆಸೇಜ್ ಹಾಕಿ. ಕೊನೆ ದಿನ ಜನವರಿ 26, ಸೋಮವಾರ ರಾತ್ರಿ. ಬುಧವಾರ ಸಂಜೆ 7ಕ್ಕೆ ದೇವಸ್ಥಾನದ ಜಗಲಿ ಮೇಲೆ ಎಲ್ಲರೂ ಸೇರೋಣ.

(ಜನವರಿ 27, ಮಂಗಳವಾರ)

ನಿನ್ನೆ ರಾತ್ರಿವರೆಗೆ 63 ಜನ ಹೆಸರು ಕೊಟ್ಟಿದ್ದೀರಿ. ತುಂಬಾ ಸಂತೋಷ. ಹಗ್ಗ, ಪಾನಕ, ಗಾಡಿ, ಚಪ್ಪಲಿ, ಮೊದಲನೇ ಪಾಳಿ ಎಲ್ಲ ಭರ್ತಿ. ಎರಡನೇ ಪಾಳಿಗೆ ಮಾತ್ರ ಇನ್ನೂ 13 ಜನ ಕಮ್ಮಿ, ಪೊರಕೆಗೆ ಒಬ್ಬರು. ಸಂಜೆ ಬಸ್ಸು ಹಿಡಿಯಬೇಕಾದವರ ಕಷ್ಟ ಗೊತ್ತು. ರಾತ್ರಿ ಇಲ್ಲೇ ಉಳಿಯುವವರು ದಯವಿಟ್ಟು ಬನ್ನಿ. ಪಿಯುಸಿ ಓದುವ ಮಕ್ಕಳಿದ್ದರೆ ನೀರು ಮಜ್ಜಿಗೆಗೆ ಕಳಿಸಿ, ಜೊತೆಗೆ ದೊಡ್ಡವರು ಇರುತ್ತಾರೆ.

(ಜನವರಿ 31, ಶನಿವಾರ ರಾತ್ರಿ)

ತರಕಾರಿ ಹೆಚ್ಚಿ ಮುಗೀತು. ಎರಡನೇ ಪಾಳಿಯೂ 24 ಆಯ್ತು. ಬಡಿಸುವವರು ನಾಳೆ ಹಳದಿ ಟವೆಲ್ ಹೆಗಲ ಮೇಲೆ ಹಾಕಿಕೊಳ್ಳಿ, ಜಗಲಿ ಹತ್ತಿರ ಇಟ್ಟಿರುತ್ತೇವೆ. ಯಾರಿಗಾದರೂ ಬರೋಕೆ ಆಗದಿದ್ದರೆ ಬೆಳಿಗ್ಗೆ 8ರೊಳಗೆ ಹೇಳಿಬಿಡಿ, ಬೇಜಾರು ಮಾಡಿಕೊಳ್ಳಲ್ಲ. ಬೇರೆಯವರನ್ನು ಹುಡುಕೋಕೆ ಟೈಮ್ ಸಿಗಲಿ ಅಷ್ಟೇ. ಕೆರೆ ಬೀದಿಯವರ ಎರಡು ಈಳಿಗೆಮಣೆ ಇಲ್ಲೇ ಉಳಿದಿವೆ, ಬೆಳಿಗ್ಗೆ ಬಂದು ತಗೊಂಡು ಹೋಗಿ.