ಹಳದಿ ಲೈಟ್

ಎರಿಸ್ವಾಮಿಯ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಲೈಟ್ ಹತ್ತಿಕೊಂಡಿದ್ದು ದಸರಾ ಹೊತ್ತಿಗೆ. ಎಂಜಿನ್ ಆಕಾರದ ಪುಟ್ಟ ಚಿತ್ರ. ಆವತ್ತು ಅವನು ಬಳ್ಳಾರಿ ಸ್ಟೇಷನ್ ಮುಂದೆ ಬಾಡಿಗೆಗೆ ಕಾಯುತ್ತಿದ್ದ. ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು. ಆಯಿಲ್ ಲೈಟ್ ಬಂದಿರಲಿಲ್ಲ. ಗಾಡಿ ಓಡುತ್ತಿತ್ತು. ಅಷ್ಟು ಸಾಕಲ್ವಾ?

ಸ್ಟ್ಯಾಂಡಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. "ಅದು ಸೆನ್ಸರ್ ಬಿಡೋ. ಕೆಂಪು ಬಂದ್ರೆ ನಿಲ್ಲಿಸು, ಹಳದಿ ಬಂದ್ರೆ ಹೋಗ್ತಾ ಇರು." ಸಿಗ್ನಲ್‌ನಲ್ಲಿ ನಾವೆಲ್ಲ ಹಾಗೇ ಮಾಡೋದು. ಹಳದಿ ಬಿದ್ದರೆ ಬ್ರೇಕ್ ಮೇಲೆ ಕಾಲು ಹೋಗಲ್ಲ, ಆಕ್ಸಿಲರೇಟರ್ ಮೇಲೆ ಹೋಗುತ್ತೆ.

ಆದರೂ ಅವನು ಒಮ್ಮೆ ಸ್ಕ್ಯಾನರ್ ಇಟ್ಟುಕೊಂಡಿರುವವನ ಹತ್ತಿರ ಹೋದ. ಸ್ಟೇರಿಂಗ್ ಕೆಳಗೆ ವೈರ್ ಚುಚ್ಚಿದಾಗ ಪರದೆ ಮೇಲೆ P0302 ಅಂತ ಬಂತು. ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. "ಕಿಡಿ ಕೊಡೋ ಕಾಯಿಲ್ ಹೋಗ್ತಾ ಐತೆ. ಪ್ಲಗ್ ಸೇರಿ ಎರಡೂವರೆ ಸಾವಿರ ಆಗ್ತೈತೆ" ಅಂದ ಹುಡುಗ. ಕಾರಿನ ಕಂತು ಕಟ್ಟೋಕೆ ನಾಲ್ಕು ದಿನ ಉಳಿದಿತ್ತು. ಮಗಳ ಟ್ಯೂಷನ್ ಫೀಸ್ ಬಾಕಿ ಇತ್ತು. "ಈಗ ಸದ್ಯಕ್ಕೆ ಅಳಿಸಿಬಿಡು" ಅಂದ ಎರಿಸ್ವಾಮಿ. ಹುಡುಗ ಒಂದು ಬಟನ್ ಒತ್ತಿದ. ಲೈಟ್ ಹೋಯಿತು. ವಾರ ತುಂಬುವ ಮೊದಲೇ ಮತ್ತೆ ಬಂತು.

ಅವನನ್ನು ಬೇಜವಾಬ್ದಾರಿ ಮನುಷ್ಯ ಅಂದುಕೊಳ್ಳಬೇಡಿ. ದಿನಾ ಬೆಳಿಗ್ಗೆ ಟೈರ್ ನೋಡುತ್ತಿದ್ದ, ಗಾಜು ಒರೆಸುತ್ತಿದ್ದ. ಸೀಟಿಗೆ ಬಿಳಿ ಟವೆಲ್ ಹಾಸುತ್ತಿದ್ದ. ಅಮಾವಾಸ್ಯೆಗೆ ತಪ್ಪದೆ ಕನಕದುರ್ಗಮ್ಮನ ಗುಡಿ ಮುಂದೆ ಗಾಡಿ ನಿಲ್ಲಿಸಿ ನಿಂಬೆಹಣ್ಣು ಕಟ್ಟಿಸುತ್ತಿದ್ದ. ಆದರೆ ದುಡ್ಡು ಕೇಳುವ ವಿಷಯವನ್ನು ನಾಳೆಗೆ ತಳ್ಳೋದು ಅವನಿಗೆ ಅಭ್ಯಾಸವಾಗಿತ್ತು. ದಿನಾ ಕಣ್ಣೆದುರೇ ಇರುವ ಲೈಟ್ ಸ್ವಲ್ಪ ದಿನಕ್ಕೆ ಕಣ್ಣಿಗೇ ಬೀಳದ ಹಾಗೆ ಆಯಿತು.

ಗಾಡಿ ಹೇಳುತ್ತಲೇ ಇತ್ತು. ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದಾಗ ಎಂಜಿನ್ ಚಾಲೂ ಇಟ್ಟು ನಿಂತರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಓವರ್‌ಬ್ರಿಡ್ಜ್ ಹತ್ತುವಾಗ ಎರಡನೇ ಗೇರಿಗೆ ಇಳಿಸಬೇಕಿತ್ತು. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಡಿಸೆಂಬರ್ ಬಂದ ಮೇಲೆ ಇನ್ನೊಂದು ಶುರುವಾಯಿತು. ಹತ್ತಿದ ಪ್ಯಾಸೆಂಜರ್‌ಗಳು ಸ್ವಲ್ಪ ಹೊತ್ತಿಗೆ ಗಾಜು ಇಳಿಸುತ್ತಿದ್ದರು. ಬೆಳಗಿನ ಚಳಿಯಲ್ಲೂ ಇಳಿಸುತ್ತಿದ್ದರು. ಏಸಿ ಆಗಿಬರಲ್ವೇನೋ ಅಂದುಕೊಂಡು ಅವನು ಸುಮ್ಮನಿದ್ದ. ಕನ್ನಡಿಗೆ ಮಲ್ಲಿಗೆ ವಾಸನೆಯ ಡಬ್ಬಿ ನೇತುಹಾಕಿದ್ದ. ಆ ಮಲ್ಲಿಗೆಯಲ್ಲಿ ದಿನವಿಡೀ ಕೂತವನ ಮೂಗಿಗೆ ಬೇರೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ.

ಆ ಗುರುವಾರ ಸಂಜೆ ನಾಲ್ಕೂವರೆಗೆ ವಿಮ್ಸ್ ಆಸ್ಪತ್ರೆ ಗೇಟಿನ ಹತ್ತಿರ ಅತ್ತೆ ಸೊಸೆ ಇಬ್ಬರು ಕೈ ಮಾಡಿದರು. ಸೊಸೆಗೆ ಏಳು ತಿಂಗಳು. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಕವರ್. ಕುರುಗೋಡಿನ ಹತ್ತಿರದ ಹಳ್ಳಿಗೆ ಹೋಗಬೇಕಿತ್ತು.

"ಎಷ್ಟು ತಗೋತಿಯಪ್ಪಾ?" ಅತ್ತೆ ಕೇಳಿದಳು.

"ಎಂಟುನೂರು ಕೊಡ್ರಿ ಅವ್ವಾ. ಬರೋವಾಗ ಖಾಲಿ ಬರ್ಬೇಕು."

"ಏಳುನೂರು ಕೊಡ್ತೀನಿ. ಕುಣಿಯಲ್ಲಿ ಎತ್ತಿ ಹಾಕಬ್ಯಾಡ. ಬಸುರಿ ಅದಾಳೆ."

ಹುಡುಗಿಯ ಹೆಸರು ಗಂಗಮ್ಮ. ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡುತ್ತಿದ್ದಳಂತೆ, ಐದು ತಿಂಗಳಾದ ಮೇಲೆ ಬಿಟ್ಟಳಂತೆ. ಇದನ್ನೆಲ್ಲ ಹೇಳಿದ್ದು ಅತ್ತೆಯೇ. ಹುಡುಗಿ ಹತ್ತಿದ ಎರಡೇ ನಿಮಿಷಕ್ಕೆ ಸೆರಗನ್ನು ಮೂಗಿಗೆ ಹಿಡಿದಳು.

"ಅಣ್ಣಾ, ಏನೋ ವಾಸನೆ ಬರ್ತೈತೆ. ಕೊಳೆತ ಮೊಟ್ಟೆದಂಗೆ."

"ಇಲ್ಲಿ ಚರಂಡಿ ಬಾಯಿ ತೆಗೆದಾರೆ ತಂಗಿ. ಮುಂದೆ ಹೋದ್ರೆ ಹೋಗ್ತೈತೆ."

ಚರಂಡಿ ಹಿಂದೆ ಉಳಿಯಿತು. ಅವಳು ಮತ್ತೆ ಹೇಳಿದಳು. ಊರು ದಾಟೋವರೆಗೂ ಇದೇ ಗೋಳು, ಯಾರೋ ಕಸಕ್ಕೆ ಬೆಂಕಿ ಹಾಕಿರಬೇಕು ಅಂದ ಎರಿಸ್ವಾಮಿ. ಊರು ದಾಟಿದರು. ಎರಡೂ ಕಡೆ ಕೊಯ್ದ ನೆಲ್ಲಿನ ಗದ್ದೆ, ನಡುವೆ ಕಾಲುವೆ. ಗಾಳಿ ಚೆನ್ನಾಗಿತ್ತು. ಮೂರನೇ ಸಲ ಅವಳು ಕೇಳಿದಾಗ ಅವನು ಕಾಲುವೆ ಕೆಸರಿನ ಮೇಲೆ ಹಾಕಿದ.

ಅತ್ತೆ ನಕ್ಕಳು. "ಬಸುರಿ ಮೂಗು ಕಣಪ್ಪಾ. ಒಗ್ಗರಣೆ ಹಾಕಿದ್ರೆ ಮನೆ ಬಿಟ್ಟು ಹೊರಗೆ ಓಡ್ತಾಳೆ."

"ಹೌದ್ರೀ ಅವ್ವಾ, ನಮ್ಮನೆಯಾಕಿಗೂ ಹಂಗೇ ಆಗಿತ್ತು" ಅಂದ ಎರಿಸ್ವಾಮಿ. ಇಬ್ಬರೂ ಸೇರಿ ಆ ಹುಡುಗಿಯ ಬಾಯಿ ಮುಚ್ಚಿಸಿದರು. ಹೇಳಿದ್ದು ಬಸುರಿ ಅಂದಮೇಲೆ ಅದು ಬಯಕೆ, ಸಂಕಟ, ಇಲ್ಲಾ ಭ್ರಮೆ. ನಮ್ಮ ಮನೆಗಳಲ್ಲಿ ಇದು ದಿನಾ ನಡೆಯುವ ಅನ್ಯಾಯ.

ಅಷ್ಟರಲ್ಲಿ ಹಳದಿ ಲೈಟ್ ಮಿನುಗೋಕೆ ಶುರು ಮಾಡಿತು. ಎರಡು ತಿಂಗಳಲ್ಲಿ ಅದು ಹಾಗೆ ಮಾಡಿದ್ದೇ ಇಲ್ಲ. ಹತ್ತೋದು, ಆರೋದು, ಹತ್ತೋದು, ಆರೋದು. ಎರಿಸ್ವಾಮಿಗೆ ಒಳಗೊಳಗೇ ಖುಷಿಯಾಯಿತು. ಬಲ್ಬ್ ಸಾಯ್ತಾ ಇದೆ, ಪೀಡೆ ತೊಲಗುತ್ತೆ ಅಂದುಕೊಂಡ. ಎದುರಿಗೆ ನೆಲ್ಲು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ಹಿಂದೆ ಹಾಕೋಕೆ ಆಕ್ಸಿಲರೇಟರ್ ತುಳಿದ. ಗಾಡಿ ಮುಗ್ಗರಿಸಿತು.

"ಅಣ್ಣಾ, ಚರಂಡಿನೂ ಹಿಂದೆ ಉಳೀತು, ಕಸನೂ ಉಳೀತು. ವಾಸನೆ ಮಾತ್ರ ನಮ್ಮ ಸಂಗಡನೇ ಬರ್ತೈತೆ." ಗಂಗಮ್ಮನ ದನಿ ಈಗ ಗಟ್ಟಿಯಾಗಿತ್ತು. "ನನ್ನ ಕಾಲು ಬಿಸಿ ಆಗಕತ್ತೈತೆ. ನಿಲ್ಲಿಸು."

ಎರಿಸ್ವಾಮಿ ಎಡಗೈ ಚಾಚಿ ಗೇರ್ ಪಕ್ಕದ ಮ್ಯಾಟ್ ಮುಟ್ಟಿದ. ಬಿಸಿ ಇತ್ತು. ಮಧ್ಯಾಹ್ನದ ಬಿಸಿಲಿನ ಬಿಸಿ ಅಲ್ಲ. ರಬ್ಬರ್ ಮೆತ್ತಗಾಗಿತ್ತು.

ಇಂಡಿಕೇಟರ್ ಹಾಕಿ ಎಡಕ್ಕೆ ಎಳೆದ. ಅಲ್ಲಿ ರಸ್ತೆ ಅಂಚಿನಲ್ಲೇ ಒಣ ನೆಲ್ಲು ಹುಲ್ಲು ಹರಡಿದ್ದರು. ಗದ್ದೆಯೊಳಗಿಂದ ಒಬ್ಬ ಮುದುಕ ಟವೆಲ್ ಬೀಸುತ್ತಾ ಓಡಿಬಂದ.

"ಏಯ್! ಹುಲ್ಲಿನ ಮ್ಯಾಲೆ ನಿಲ್ಲಿಸಬ್ಯಾಡ! ಮುಂದಕ್ಕೆ ಹೋಗು, ಮುಂದಕ್ಕೆ!"

ಎಡಗಡೆ ಚಕ್ರ ಆಗಲೇ ಹುಲ್ಲು ಹತ್ತಿತ್ತು. ಅವನು ಬ್ರೇಕ್ ಬಿಟ್ಟು ಹಾಗೇ ಮುಂದೆ ಹೋದ. ಸಣ್ಣ ಸೇತುವೆ ದಾಟಿದ ಮೇಲೆ ಬರೀ ಮಣ್ಣಿನ ಜಾಗ ಸಿಕ್ಕಿತು. ಎಂಜಿನ್ ಆಫ್ ಮಾಡಿ, ಹಿಂದಿನ ಬಾಗಿಲು ತೆಗೆದು, ಹುಡುಗಿಯ ತೋಳು ಹಿಡಿದು ಇಳಿಸಿದ. ಅತ್ತೆ ಇನ್ನೊಂದು ಕಡೆಯಿಂದ ಇಳಿದಳು. "ದೂರ ಹೋಗ್ರಿ ಅವ್ವಾ. ಆ ಜಾಲಿ ಗಿಡದ ತನಕ ಹೋಗ್ರಿ."

ಆಮೇಲೆ ಮಂಡಿಯೂರಿ ಗಾಡಿ ಕೆಳಗೆ ನೋಡಿದ. ಹೊತ್ತು ಮುಳುಗುತ್ತಿತ್ತು. ಗಾಡಿ ಕೆಳಗೆ ಆಗಲೇ ಕತ್ತಲು. ಸೈಲೆನ್ಸರ್ ಪೈಪಿನ ಮುಂಭಾಗದಲ್ಲಿ ಒಂದು ಉಬ್ಬಿದ ಡಬ್ಬಿ ಇರುತ್ತಲ್ಲ, ಅದು ಕೆಂಪಗೆ ಕಾದಿತ್ತು. ಅಂಚಿನಲ್ಲಿ ಜಾಸ್ತಿ, ನಡುವೆ ಕಡಿಮೆ. ಅದಕ್ಕೆ ಸಿಕ್ಕಿಕೊಂಡ ನಾಲ್ಕಾರು ಹುಲ್ಲಿನ ಎಳೆ ಹೊಗೆಯಾಡಿ, ನೋಡನೋಡುತ್ತಲೇ ಒಂದಕ್ಕೆ ಬೆಂಕಿ ಹತ್ತಿತು. ಉರಿದ ಎಳೆ ಕೆಳಗೆ ಬಿತ್ತು. ಮುದುಕ ಎರಡು ಕೈಯಲ್ಲಿ ಮಣ್ಣು ಬಾಚಿ ಅದರ ಮೇಲೆ ಹಾಕಿದ. ಎರಿಸ್ವಾಮಿಯೂ ಬಾಚಿ ಹಾಕಿದ. ಉಗುರಲ್ಲಿ ಕರಿ ಮಣ್ಣು ತುಂಬುವವರೆಗೂ ಹಾಕಿದ. ಇನ್ನೊಂದು ನಿಮಿಷ ಆ ಹುಲ್ಲಿನ ಮೇಲೆ ನಿಂತಿದ್ದರೆ ಆರಿಸೋಕೆ ಇಬ್ಬರ ಕೈ ಸಾಲುತ್ತಿರಲಿಲ್ಲ.

"ಹೋದ ವರ್ಷ ಹಿಂಗೇ ರೋಡಿಗೆ ಹಾಕಿದ ಹುಲ್ಲು ಸಿಕ್ಕಿಕೊಂಡು ಒಂದು ಕಾರು ಸುಟ್ಟುಹೋತು" ಅಂದ ಮುದುಕ. "ಒಳಗಿದ್ದವರು ಇಳಿದಿದ್ರು, ಪುಣ್ಯ."

ಹುಡುಗಿ ಜಾಲಿ ಗಿಡದ ಹತ್ತಿರ ನಿಂತಿದ್ದಳು. ಒಂದು ಕೈ ಹೊಟ್ಟೆ ಮೇಲೆ, ಇನ್ನೊಂದರಲ್ಲಿ ರಿಪೋರ್ಟಿನ ಕವರ್. ಅತ್ತೆ ಈಗ ನಗುತ್ತಿರಲಿಲ್ಲ. ಸೊಸೆಯ ಬೆನ್ನು ಸವರುತ್ತಿದ್ದಳು. ಎರಿಸ್ವಾಮಿ ಹತ್ತಿರ ಹೋದ. ಏನು ಹೇಳಬೇಕೋ ತಿಳಿಯಲಿಲ್ಲ. ಕೊನೆಗೆ "ತಂಗೀ, ನೀನು ಹೇಳಿದ ಮೊದಲನೇ ಸಲಕ್ಕೇ ನಿಲ್ಲಿಸಬೇಕಿತ್ತು" ಅಂದ. ಅವಳು ಹೂಂ ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಮುದುಕನ ಮಗ ಆಟೋ ತಂದ. ಎರಿಸ್ವಾಮಿ ಬಾಡಿಗೆ ತಗೊಳ್ಳಲಿಲ್ಲ. ಅವರು ಎಷ್ಟು ಹೇಳಿದರೂ ಆಟೋದವನಿಗೆ ಇವನೇ ಕೊಟ್ಟ. ನಂಬರ್ ಬರೆದುಕೊಟ್ಟು, ಊರು ಮುಟ್ಟಿದ ಮೇಲೆ ಒಂದು ಫೋನ್ ಮಾಡ್ರಿ ಅಂದ.

ಮರುದಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಆ ಡಬ್ಬಿಯನ್ನು ಬಿಚ್ಚಿ ನೆಲದ ಮೇಲಿಟ್ಟರು. ಸ್ಪ್ಯಾನರ್‌ನಿಂದ ತಟ್ಟಿದರೆ ಒಳಗೆ ಗಲಗಲ ಸದ್ದು. ಬೋರಲು ಹಾಕಿದಾಗ ಬೂದು ಬಣ್ಣದ ಚೂರು ಉದುರಿದವು. ಒಂದನ್ನು ಎತ್ತಿ ತೋರಿಸಿದರು. ಒಂದು ಕಡೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು, ಇನ್ನೊಂದು ಕಡೆ ತೂತುಗಳೆಲ್ಲ ಕರಗಿ ಅಂಟಿಕೊಂಡು ಗಾಜಿನಂತೆ ಹೊಳೆಯುತ್ತಿತ್ತು.

"ಇದೇ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿರೋ ವಿಷ ಕಡಿಮೆ ಮಾಡೋದು ಇದರ ಕೆಲಸ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ ಅಂತ ಲೋಹ ಇರ್ತಾವೆ, ಅದಕ್ಕೇ ಇಷ್ಟು ರೇಟು. ನಿನ್ನ ಎರಡನೇ ಸಿಲಿಂಡರಲ್ಲಿ ಕಿಡಿ ಬೀಳ್ತಿರಲಿಲ್ಲ. ಅಲ್ಲಿ ಉರಿಯಬೇಕಾದ ಪೆಟ್ರೋಲ್ ಹಸಿಯಾಗೇ ಇಲ್ಲಿಗೆ ಬಂದು ಇದರೊಳಗೆ ಉರೀತು."

"ವಾಸನೆ?"

"ಪೆಟ್ರೋಲಲ್ಲಿ ಚೂರು ಗಂಧಕ ಇರ್ತೈತೆ. ಸರಿಯಾಗಿ ಉರಿದ್ರೆ ಗೊತ್ತಾಗಲ್ಲ. ಹಸಿ ಪೆಟ್ರೋಲ್ ಜಾಸ್ತಿ ಬಂದ್ರೆ ಕೊಳೆತ ಮೊಟ್ಟೆ ವಾಸನೆ ಕೊಡ್ತೈತೆ." ಮೇಸ್ತ್ರಿ ಕೈ ಒರೆಸಿಕೊಂಡರು. "ಲೈಟ್ ಮಿನುಗಿತ್ತೇನೋ?"

"ಮಿನುಗಿತ್ತು. ಬಲ್ಬ್ ಹೋಗ್ತೈತೆ ಅಂದ್ಕೊಂಡೆ."

"ಸುಮ್ನೆ ಹತ್ತಿದ್ರೆ ಬೇಗ ತೋರಿಸು ಅಂತ. ಮಿನುಗಿದ್ರೆ ಕನ್ವರ್ಟರ್ ಸುಡ್ತಾ ಐತೆ, ಕಾಲು ತೆಗೆದು ಗಾಡಿ ನಿಲ್ಲಿಸು ಅಂತ."

ಕಾಯಿಲ್ ಮತ್ತು ಪ್ಲಗ್‌ಗೆ 2,600. ಡಬ್ಬಿಗೆ 27,000. ಮೇಸ್ತ್ರಿ ಡಬ್ಬಿ ಬದಲು ಖಾಲಿ ಪೈಪ್ ಬೆಸೆದುಕೊಡುವುದಿಲ್ಲ ಅಂದರು. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳ್ತೀಯ, ಜನರ ಎದೆಗೂ ಒಳ್ಳೇದಲ್ಲ ಅಂದರು. ಎರಿಸ್ವಾಮಿಯೂ ಹಾಗೆ ಬೆಸೆದುಕೊಡಿ ಅಂತ ಕೇಳಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ, ದಸರಾದಿಂದ ಶುರು ಮಾಡಿ. ಅವಳು ಬೈದಳು. ಆಮೇಲೆ ಸಂಘದಿಂದ ಸಾಲ ಎತ್ತಿದಳು. ಹತ್ತು ದಿನ ಅವನು ಬೇರೆಯವರ ಗಾಡಿ ಓಡಿಸಿದ. ಆ ಗಾಡಿಯಲ್ಲಿ ಮಲ್ಲಿಗೆ ಡಬ್ಬಿ ಇರಲಿಲ್ಲ. ಮೊದಲ ದಿನವೇ ಸೀಟಿನ ಚರ್ಮ, ಯಾರದೋ ಟಿಫನ್ ಡಬ್ಬಿಯ ಚಟ್ನಿ, ಬೆವರು ಎಲ್ಲ ಬೇರೆ ಬೇರೆಯಾಗಿ ಮೂಗಿಗೆ ಬಂತು. ಗಾಜು ಇಳಿಸಿದವರ ಮುಖಗಳೂ ನೆನಪಾದವು. ಅಷ್ಟು ಜನರಲ್ಲಿ ಬಾಯಿ ಬಿಟ್ಟು ಹೇಳಿದವಳು ಅವಳೊಬ್ಬಳೇ.

ಗಾಡಿ ವಾಪಸ್ ಬಂದ ವಾರ ಗಂಗಮ್ಮನ ಫೋನ್ ಬಂತು.

"ಅಣ್ಣಾ, ಗಾಡಿ ರೆಡಿ ಆತಾ? ಮಂಗಳವಾರ ಮತ್ತೆ ತೋರಿಸಬೇಕು."

"ಆಗೈತೆ ತಂಗಿ. ಬರ್ತೀನಿ."

"ಆ ಲೈಟ್?"

"ಕೀ ತಿರುಗಿಸಿದಾಗ ಬರ್ತೈತೆ, ಅದು ಬರಲೇಬೇಕು. ಎಂಜಿನ್ ಸ್ಟಾರ್ಟ್ ಆದ ಮೇಲೆ ಹೋಗ್ತೈತೆ."

"ಹೋಗಲಿಲ್ಲ ಅಂದ್ರೆ?"

"ನಾನೇ ಫೋನ್ ಮಾಡ್ತೀನಿ. ಬೇರೆ ಗಾಡಿ ಕಳಿಸ್ತೀನಿ."

ಆ ಕಡೆಯಿಂದ ಅತ್ತೆಯ ದನಿ ಕೇಳಿಸಿತು, ಏಳುನೂರೇ ಅನ್ನು ಅಂತ.

"ಎಂಟು ಗಂಟೆಗೆ ಬಾ ಅಣ್ಣಾ" ಅಂದಳು ಗಂಗಮ್ಮ. "ನಾನು ಮುಂದೆ ಕೂತ್ಕೋತೀನಿ."