ವಿಷಯ: ರಿಫಂಡ್ ಬಗ್ಗೆ ನಿಮ್ಮ ಚಾಟ್‌ಬಾಟ್ ಪದೇ ಪದೇ ಕೊಟ್ಟ ತಪ್ಪು ಮಾಹಿತಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ನಾನು ತರಿಸಿದ ಹೆಡ್‌ಫೋನ್‌ನ ಎಡಗಡೆ ಕಿವಿಗೆ ಶಬ್ದವೇ ಬರುತ್ತಿರಲಿಲ್ಲ. ಎರಡನೇ ದಿನವೇ ವಾಪಸ್ ಕಳಿಸಿದೆ.

ಕಳಿಸುವ ಮೊದಲು ಚಾಟ್‌ಬಾಟ್‌ನಲ್ಲಿ ಕೇಳಿದ್ದೆ. "5 ದಿನದಲ್ಲಿ ಪೂರ್ತಿ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ" ಎಂದಿತು. ಬರಲಿಲ್ಲ. ಆರನೇ ದಿನ ಕೇಳಿದರೆ "ಹಣ ಈಗಾಗಲೇ ಜಮಾ ಆಗಿದೆ" ಎಂದಿತು, ನಾನು ಪಾಸ್‌ಬುಕ್ ಎಂಟ್ರಿ ಮಾಡಿಸಿ ಸಾಲು ಸಾಲು ನೋಡಿದೆ, ಒಂದು ಪೈಸೆಯೂ ಬಂದಿರಲಿಲ್ಲ. ಹತ್ತನೇ ದಿನ ಅದೇ ಬಾಟ್ "ಈ ಆರ್ಡರ್‌ಗೆ ರಿಫಂಡ್ ಇಲ್ಲ, ವ್ಯಾಲೆಟ್ ಕ್ರೆಡಿಟ್ ಮಾತ್ರ" ಎಂದಿತು. ಮೊದಲೇ ಹಾಗೆ ಹೇಳಿದ್ದರೆ ನಾನು ಬದಲಿ ಹೆಡ್‌ಫೋನ್ ಕೇಳುತ್ತಿದ್ದೆ, ಅಲ್ವಾ?

ಕೊನೆಗೆ ಫೋನ್‌ನಲ್ಲಿ ಸಿಕ್ಕ ನಿಮ್ಮ ಸಿಬ್ಬಂದಿ, ಪಾಪ ಮರ್ಯಾದೆಯಿಂದಲೇ ಮಾತಾಡಿದರು, ಆದರೆ "ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ" ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಅದು ನಿಮ್ಮ ಆ್ಯಪ್‌ನಲ್ಲಿ, ನಿಮ್ಮ ಹೆಸರಿನಲ್ಲೇ ಮಾತಾಡುತ್ತದೆ. 2024ರಲ್ಲಿ ಕೆನಡಾದ ಒಂದು ನ್ಯಾಯಮಂಡಳಿಯಲ್ಲಿ ಏರ್ ಕೆನಡಾ ಇಂಥದ್ದೇ ವಾದ ಮಾಡಿ ಸೋತಿದೆ, ಗ್ರಾಹಕನಿಗೆ ಪರಿಹಾರ ಕೊಡಬೇಕಾಯಿತು.

ಮೂರೂ ಚಾಟ್‌ಗಳ ಸ್ಕ್ರೀನ್‌ಶಾಟ್, ಕೊರಿಯರ್ ರಸೀದಿ ಇದರ ಜೊತೆಗಿವೆ. ನನಗೆ ವ್ಯಾಲೆಟ್ ಕ್ರೆಡಿಟ್ ಬೇಡ. 7 ದಿನದೊಳಗೆ ಪೂರ್ತಿ ಹಣ ನನ್ನ ಖಾತೆಗೆ ಹಾಕಿ, ಉತ್ತರವನ್ನು ಒಬ್ಬ ಮನುಷ್ಯರೇ ಬರೆದು ಕಳಿಸಿ. ಬಾಟ್ ಸರಿಯಾಗುವವರೆಗೆ ರಿಫಂಡ್ ಪ್ರಶ್ನೆಗಳನ್ನು ದಯವಿಟ್ಟು ಅದಕ್ಕೆ ಬಿಡಬೇಡಿ. ಆಗದಿದ್ದರೆ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ